ಹಸಿದವರ ಫೋನಿನಲ್ಲಿ ಮೊದಲು ಏನು ಕಾಣಬೇಕು?

ಬೆಂಗಳೂರಿನಿಂದ ಮಂಗಳೂರಿಗೆ ಹೊರಟವರಿಗೆ ಸಕಲೇಶಪುರ ಹತ್ತಿರವಾಗುತ್ತಿದ್ದಂತೆ ಊಟದ ಯೋಚನೆ ಶುರುವಾಗುತ್ತದೆ. ಮುಂದೆ ಶಿರಾಡಿ ಘಾಟಿ. ಇಳಿಯಲು ತೊಡಗಿದರೆ ನಡುವೆ ನಿಲ್ಲುವ ಮನಸ್ಸಾಗುವುದಿಲ್ಲ, ಸಿಗ್ನಲ್ ಕೂಡ ಬಂದು ಹೋಗುತ್ತಿರುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತವರೊಬ್ಬರು ಫೋನ್ ತೆಗೆದು ಹೋಟೆಲ್ ಹುಡುಕುತ್ತಾರೆ, ಸಿಕ್ಕ ಹೆಸರನ್ನು ಒತ್ತುತ್ತಾರೆ. ಪರದೆ ಬೆಳ್ಳಗಾಗಿ ನಿಲ್ಲುತ್ತದೆ. ತುಂಬ ಹೊತ್ತಿನ ಮೇಲೆ ಬಾಳೆ ಎಲೆಯ ಒಂದು ದೊಡ್ಡ ಚಿತ್ರ ಮೇಲಿಂದ ಕೆಳಕ್ಕೆ ನಿಧಾನವಾಗಿ ಮೂಡುತ್ತದೆ. ಅದರ ಮೇಲೆ ಹೋಟೆಲಿನ ಹೆಸರು, ಜೊತೆಗೊಂದು ಸ್ವಾಗತದ ಮಾತು. ಊಟ ಇದೆಯೋ ಇಲ್ಲವೋ ಗೊತ್ತಾಗುವಷ್ಟರಲ್ಲಿ ಕಾರು ಆ ಹೋಟೆಲನ್ನು ದಾಟಿ ಹೋಗಿರುತ್ತದೆ.

ಹೋಟೆಲಿನ ವೆಬ್‌ಸೈಟಿಗೆ ಬರುವವರು ಓದಲು ಬರುವುದಿಲ್ಲ, ತೀರ್ಮಾನ ಮಾಡಲು ಬರುತ್ತಾರೆ. ಅವರಿಗೆ ಬೇಕಾದ ಉತ್ತರಗಳು ನಾಲ್ಕೇ: ಈಗ ತೆರೆದಿದೆಯೇ, ಎಲ್ಲಿದೆ, ನಮಗೆ ಬೇಕಾದ್ದು ಸಿಗುತ್ತದೆಯೇ, ಎಷ್ಟಾಗುತ್ತದೆ. ಈ ನಾಲ್ಕು ಉತ್ತರಗಳು ಸಾಧಾರಣ ಫೋನಿಗೆ, ಸೊರಗಿದ ನೆಟ್‌ವರ್ಕಿನಲ್ಲಿ ಎಷ್ಟು ಬೇಗ ತಲುಪುತ್ತವೆ ಎಂಬುದೇ ಹೋಟೆಲ್ ಸೈಟಿನ ವಿನ್ಯಾಸವನ್ನು ಅಳೆಯಲು ಇರುವ ಸರಿಯಾದ ಅಳತೆ. ಬಣ್ಣ, ಚಿತ್ರ, ಅಲಂಕಾರಗಳ ಮಾತು ಆಮೇಲಿನದು. ಪುಟದಲ್ಲಿ ಏನು ಎಲ್ಲಿ ಬರಬೇಕು ಎಂಬುದನ್ನು ನಾವು ಅಂದಚೆಂದದ ಪ್ರಶ್ನೆ ಎಂದುಕೊಳ್ಳುತ್ತೇವೆ. ಅಗ್ಗದ ಫೋನಿನಲ್ಲಿ ಅದು ಮೊದಲಿಗೆ ಸಮಯದ ಪ್ರಶ್ನೆ.

ಇದನ್ನು ಬಿಡಿಸಿ ನೋಡಲು ಸಕಲೇಶಪುರದ ಹೆದ್ದಾರಿ ಬದಿಯಲ್ಲಿ ಒಂದು ಹೋಟೆಲ್ ಇದೆ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಅಕ್ಕಿ ರೊಟ್ಟಿ, ಕಡುಬು. ಮಧ್ಯಾಹ್ನ ಊಟ, ಮುದ್ದೆ, ನಾಟಿ ಕೋಳಿ ಸಾರು. ಸಂಜೆ ಕಾಫಿ, ತಿಂಡಿ. ಒಟ್ಟು ನೂರಿಪ್ಪತ್ತು ಬಗೆ. ಅವರ ಈಗಿನ ಸೈಟು ನಾವೆಲ್ಲ ನೋಡಿರುವಂಥದ್ದೇ: ಮೇಲೆ ತಾನಾಗಿ ಸರಿಯುವ ನಾಲ್ಕು ದೊಡ್ಡ ಚಿತ್ರಗಳು, ಕೆಳಗೆ 'ನಮ್ಮ ಕಥೆ', ಅದರ ಕೆಳಗೆ ಹುದುಗಿಸಿದ ನಕ್ಷೆ, ಮೆನು ನೋಡಬೇಕಾದರೆ ಒಂದು ಪಿಡಿಎಫ್. ಚಿತ್ರಗಳು ಮತ್ತು ಸ್ಕ್ರಿಪ್ಟುಗಳು ಸೇರಿ ಪುಟದ ತೂಕ 5 ಎಂಬಿ, ಪಿಡಿಎಫ್ ಇನ್ನೊಂದು 3 ಎಂಬಿ ಎನ್ನೋಣ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು, ಆದರೆ ಹೋಟೆಲ್ ಸೈಟುಗಳಲ್ಲಿ ಅಪರೂಪದವೇನಲ್ಲ.

ಸೈಟುಗಳ ವೇಗ ಪರೀಕ್ಷಿಸಲು ಗೂಗಲ್ ಕೊಡುವ ಲೈಟ್‌ಹೌಸ್ ಎಂಬ ಸಾಧನ 'ನಿಧಾನದ 4ಜಿ' ಎಂದು ಒಂದು ಮಟ್ಟವನ್ನು ಇಟ್ಟುಕೊಂಡಿದೆ: ಸೆಕೆಂಡಿಗೆ ಸುಮಾರು 1.6 ಮೆಗಾಬಿಟ್. ಆ ವೇಗದಲ್ಲಿ 5 ಎಂಬಿ ಇಳಿಯಲು 25 ಸೆಕೆಂಡ್ ಬೇಕು. ಮೆನುವಿಗೆ ಮತ್ತೆ 15 ಸೆಕೆಂಡ್. 'ಮುದ್ದೆ ಸಿಗುತ್ತದೆಯೇ' ಎಂಬ ಪ್ರಶ್ನೆಗೆ ಉತ್ತರ ಬರಲು ನಲವತ್ತು ಸೆಕೆಂಡ್. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ನೆಟ್‌ವರ್ಕ್ ನಿಧಾನ ಎಂದಾಗ ನಮ್ಮ ಮನಸ್ಸಿಗೆ ಬರುವುದು ಈ ವೇಗ ಮಾತ್ರ. ಇದಕ್ಕಿಂತ ಹೆಚ್ಚು ಕಾಡುವ ಇನ್ನೊಂದು ಸಂಗತಿ ಇದೆ. ಫೋನಿನಿಂದ ಹೊರಟ ಕೋರಿಕೆ ಸರ್ವರ್ ಮುಟ್ಟಿ ಉತ್ತರ ಹಿಂದಿರುಗಲು ಹಿಡಿಯುವ ಸಮಯ ಅದು. ಒಂದು ಸುತ್ತು ಎನ್ನೋಣ. ಒಳ್ಳೆಯ ಬ್ರಾಡ್‌ಬ್ಯಾಂಡಿನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಆದರೆ ಲೈಟ್‌ಹೌಸಿನ ಅಳತೆಯಲ್ಲಿ 150. ಮಲೆನಾಡಿನ ಅಂಚಿನಲ್ಲಿ, ಒಂದೇ ಟವರಿಗೆ ನೂರಾರು ಫೋನುಗಳು ಜೋತುಬಿದ್ದ ರಜೆಯ ದಿನ ಅದು 300, 400ಕ್ಕೂ ಏರಬಹುದು. ಪುಟದ ಮೊದಲ ಅಕ್ಷರ ಬರುವ ಮುಂಚೆಯೇ ಇಂಥ ನಾಲ್ಕು ಸುತ್ತು ಆಗಿರಬೇಕು: ಸೈಟಿನ ವಿಳಾಸ ಪತ್ತೆ ಹಚ್ಚಲು ಒಂದು, ಸಂಪರ್ಕ ಕೂಡಿಸಲು ಒಂದು, ಅದನ್ನು ಸುರಕ್ಷಿತಗೊಳಿಸಲು ಒಂದು, ಪುಟ ಕೇಳಿ ಪಡೆಯಲು ಒಂದು. ಒಂದು ಸುತ್ತಿಗೆ 400 ಮಿಲಿಸೆಕೆಂಡ್ ಆದರೆ ಒಂದೂವರೆ ಸೆಕೆಂಡ್ ಅಲ್ಲಿಗೇ ಮುಗಿಯಿತು. ಫೋನಿನ ಮೇಲ್ಗಡೆ 4ಜಿ ಎಂದು ತೋರಿಸುತ್ತಿದ್ದರೂ ಪುಟ ತೆರೆಯದೆ ಕಾಡುವುದಕ್ಕೆ ಇದೂ ಒಂದು ಕಾರಣ.

ಆ ನಾಲ್ಕನೆಯ ಸುತ್ತಿನಲ್ಲಿ ಎಷ್ಟು ಬರುತ್ತದೆ ಎಂಬುದು ವಿನ್ಯಾಸ ಮಾಡುವವರು ತಿಳಿದಿರಬೇಕಾದ ವಿಷಯ. ಹೊಸ ಸಂಪರ್ಕದಲ್ಲಿ ಸರ್ವರ್ ಎಲ್ಲವನ್ನೂ ಒಮ್ಮೆಗೇ ಸುರಿಯುವುದಿಲ್ಲ. ದಾರಿ ಎಷ್ಟು ತಾಳುತ್ತದೆ ಎಂದು ಗೊತ್ತಿಲ್ಲವಾದ್ದರಿಂದ ಮೊದಲು ಹತ್ತು ಪೊಟ್ಟಣ ಕಳಿಸುತ್ತದೆ, ತಲುಪಿದ ಸುದ್ದಿ ಬಂದ ಮೇಲೆ ಅದರ ದುಪ್ಪಟ್ಟು, ಹೀಗೆ. ಹತ್ತು ಪೊಟ್ಟಣ ಎಂದರೆ ಸುಮಾರು 14 ಕೆಬಿ. ಹತ್ತು ಎಂಬ ಈ ಸಂಖ್ಯೆಯನ್ನು 2013ರಲ್ಲಿ ಆರ್‌ಎಫ್‌ಸಿ 6928 ಎಂಬ ದಾಖಲೆ ಸೂಚಿಸಿತು. ಇಂದಿನ ಸರ್ವರುಗಳಲ್ಲಿ ಸಾಮಾನ್ಯವಾಗಿ ಇರುವುದೂ ಅದೇ. ಸೈಟ್ ಕಟ್ಟುವವರ ಮುಂದೆ ಈಗ ಒಂದು ಖಚಿತವಾದ ಪ್ರಶ್ನೆ ಇದೆ: ಮೊದಲ 14 ಕೆಬಿಯಲ್ಲಿ ಏನಿರಬೇಕು?

ನಮ್ಮ ಹೋಟೆಲಿನ ಮಟ್ಟಿಗೆ ಉತ್ತರ ಸುಲಭ. ಆ ನಾಲ್ಕು ಪ್ರಶ್ನೆಗಳ ಉತ್ತರ ಪೂರ್ತಿಯಾಗಿ ಅಲ್ಲೇ ಇರಬೇಕು, ಮೆನುವೂ ಸೇರಿ. ಇದು ಆಗುವ ಮಾತೇ ಎಂದು ಲೆಕ್ಕ ಹಾಕೋಣ. ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದಲ್ಲಿ ಪ್ರತಿ ಮೂಲಾಕ್ಷರಕ್ಕೂ ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್ ಬೇಕು. ಒಂದು ತಿನಿಸಿನ ಹೆಸರಿಗೆ ಇಪ್ಪತ್ತೈದು ಚಿಹ್ನೆ ಎಂದುಕೊಂಡರೆ ನೂರಿಪ್ಪತ್ತು ಹೆಸರಿಗೆ 9 ಕೆಬಿ. ಬೆಲೆ, ಗುರುತುಗಳು ಸೇರಿದರೆ 15, 16 ಕೆಬಿ. ಆದರೆ ಸರ್ವರ್ ಪಠ್ಯವನ್ನು ಒತ್ತಿ ಕುಗ್ಗಿಸಿ ಕಳಿಸುತ್ತದೆ. ಮೆನುವಿನಲ್ಲಿ ಅದೇ ಪದಗಳು, ಅದೇ ಗುರುತುಗಳು ಮತ್ತೆ ಮತ್ತೆ ಬರುವುದರಿಂದ ಅದು ಚೆನ್ನಾಗಿ ಕುಗ್ಗಿ ನಾಲ್ಕೈದು ಕೆಬಿಗೆ ಇಳಿಯುತ್ತದೆ. ವಿಳಾಸ, ವೇಳೆ, ಸ್ವಲ್ಪ ಅಲಂಕಾರದ ಸೂಚನೆ ಎಲ್ಲ ಸೇರಿದರೂ 14 ಕೆಬಿಯ ಒಳಗೇ. ಪಿಡಿಎಫ್‌ನಲ್ಲಿ ಹದಿನೈದು ಸೆಕೆಂಡ್ ತಿನ್ನುತ್ತಿದ್ದ ಮೆನು ಪುಟದ ಜೊತೆಗೇ, ಪ್ರತ್ಯೇಕ ಕಾಯಿಸುವಿಕೆ ಇಲ್ಲದೆ ಬಂದುಬಿಡುತ್ತದೆ. ಈ ಲೇಖನದಿಂದ ಒಂದೇ ಒಂದು ಬದಲಾವಣೆ ಮಾಡಿಕೊಳ್ಳಲು ಹೋಟೆಲಿನವರಿಗೆ ಸಾಧ್ಯವಾಗುವುದಾದರೆ ಇದೊಂದನ್ನು ಮಾಡಿಕೊಳ್ಳಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಈಗ ಪರದೆಗೆ ಬರೋಣ. ಅಗ್ಗದ ಆಂಡ್ರಾಯ್ಡ್ ಫೋನುಗಳ ಪರದೆ ಹೆಚ್ಚಾಗಿ 720 ಚುಕ್ಕೆ ಅಗಲ, 1600 ಚುಕ್ಕೆ ಎತ್ತರ. ಬ್ರೌಸರ್ ಎರಡು ಚುಕ್ಕೆಯನ್ನು ಒಂದೆಂದು ಎಣಿಸುವುದರಿಂದ ವಿನ್ಯಾಸಕ್ಕೆ ಸಿಗುವುದು 360 ಅಗಲ. ಎತ್ತರದಲ್ಲಿ ಬ್ರೌಸರಿನ ವಿಳಾಸಪಟ್ಟಿ, ಮೇಲಿನ ಗಡಿಯಾರದ ಸಾಲು, ಕೆಳಗಿನ ಗುಂಡಿಗಳು ಪಾಲು ತೆಗೆದುಕೊಂಡ ಮೇಲೆ ಉಳಿಯುವುದು 650ರ ಆಸುಪಾಸು. ಬೆರಳು ಸರಿಸದೆ ಕಾಣುವ ಜಾಗ ಇಷ್ಟೇ. ಮೊದಲು ಪುಟದ ತಲೆಯಲ್ಲಿ ಈ ಒಂದು ಸಾಲು ಇರಬೇಕು:

```html
<meta name="viewport" content="width=device-width, initial-scale=1">
```

ಇದಿಲ್ಲದಿದ್ದರೆ ಫೋನು ಪುಟವನ್ನು ಕಂಪ್ಯೂಟರಿನದೆಂದು ಭಾವಿಸಿ, 980 ಅಗಲದಲ್ಲಿ ಜೋಡಿಸಿ, ಇಡಿಯಾಗಿ ಕುಗ್ಗಿಸಿ ತೋರಿಸುತ್ತದೆ. ಅಕ್ಷರಗಳು ಸಾಸಿವೆಯಷ್ಟಾಗುತ್ತವೆ. ಕೆಲವರು ಇದೇ ಸಾಲಿಗೆ `user-scalable=no` ಎಂದು ಸೇರಿಸಿ ಬೆರಳಿನಿಂದ ಹಿಗ್ಗಿಸಿ ನೋಡುವುದನ್ನೇ ತಡೆಯಲು ಹೊರಡುತ್ತಾರೆ. ಕನ್ನಡಕ ಮನೆಯಲ್ಲಿ ಮರೆತು ಬಂದ ಹಿರಿಯರನ್ನು ನೆನೆದಾದರೂ ಹಾಗೆ ಮಾಡಬಾರದು.

ಆ 360ಕ್ಕೆ 650ರ ಜಾಗದಲ್ಲಿ ನಮ್ಮ ಹೋಟೆಲ್ ಏನಿಡಬೇಕು? ಮೇಲೆ ಹೆಸರು, ಅಕ್ಷರಗಳಲ್ಲೇ. ಅದರ ಕೆಳಗೆ ದಾರಿಹೋಕರ ಭಾಷೆಯಲ್ಲಿ ಜಾಗದ ಗುರುತು: 'ಹಾಸನದಿಂದ ಬರುವಾಗ ಎಡಗಡೆ, ಪೆಟ್ರೋಲ್ ಬಂಕ್ ಆದ ಮೇಲೆ'. ಪಿನ್‌ಕೋಡ್ ಸಹಿತದ ಅಂಚೆ ವಿಳಾಸ ಪುಟದ ಕೊನೆಯಲ್ಲಿದ್ದರೆ ಸಾಕು. ಮೂರನೆಯದಾಗಿ ವೇಳೆ. 'ಈಗ ತೆರೆದಿದೆ' ಎಂದು ಹಸಿರು ದೀಪ ತೋರಿಸಲು ಸ್ಕ್ರಿಪ್ಟ್ ಬೇಕು, ಅದು ಬರದಿದ್ದರೆ ಜಾಗ ಖಾಲಿ. 'ಬೆಳಿಗ್ಗೆ 7ರಿಂದ ರಾತ್ರಿ 10. ಊಟ 12ರಿಂದ 3.30. ಮಂಗಳವಾರ ರಜೆ' ಎಂದು ಬರೆದರೆ ಓದಿದವರಿಗೇ ಗೊತ್ತಾಗುತ್ತದೆ. ಇದರಲ್ಲಿ ಊಟದ ವೇಳೆ ಬೇರೆಯಾಗಿ ಹೇಳಿರುವುದನ್ನು ಗಮನಿಸಿ. ಬಾಗಿಲು ತೆರೆದಿದ್ದರೂ ನಾಲ್ಕು ಗಂಟೆಗೆ ಊಟ ಸಿಗುವುದಿಲ್ಲ ಎಂಬುದು ಹೊರಗಿನಿಂದ ಬರುವವರಿಗೆ ಗೊತ್ತಿರುವುದಿಲ್ಲ. ನಾಲ್ಕನೆಯದಾಗಿ ಊಟದ ಬೆಲೆ. ಅದರ ಕೆಳಗೆ ಮೆನು ಶುರುವಾಗಿರುವುದು ಕಾಣುವಂತೆ ಅದರ ಮೊದಲ ಎರಡು ಮೂರು ಸಾಲು. ಇನ್ನೂ ಕೆಳಗೆ ಇದೆ ಎಂದು ಕಣ್ಣಿಗೆ ತೋರಿಸಲು ಅರ್ಧ ಕತ್ತರಿಸಿದ ಒಂದು ಸಾಲಿಗಿಂತ ಒಳ್ಳೆಯ ಬಾಣದ ಗುರುತು ಬೇರೆ ಇಲ್ಲ.

ದೊಡ್ಡ ಚಿತ್ರ ಈ ಪರದೆಯಲ್ಲಿಲ್ಲ. ಇದನ್ನು ಒಪ್ಪಿಸುವುದೇ ಕಷ್ಟದ ಕೆಲಸ, ಏಕೆಂದರೆ ಮಾಲೀಕರು ಸೈಟನ್ನು ಮೊದಲ ಸಲ ನೋಡುವುದು ಕಚೇರಿಯ ದೊಡ್ಡ ಪರದೆಯ ಮೇಲೆ, ವೈಫೈನಲ್ಲಿ. ಅಲ್ಲಿ ಚಿತ್ರ ಕಣ್ಣು ತುಂಬುತ್ತದೆ. ಹಾಗಾಗಿ ಹೆಚ್ಚಿನವರು ಒಂದು ಮಧ್ಯದ ದಾರಿ ಹಿಡಿಯುತ್ತಾರೆ: ದೊಡ್ಡ ಪರದೆಗೆ ವಿನ್ಯಾಸ ಮಾಡಿ, ಫೋನಿನಲ್ಲಿ ಬೇಡದ್ದನ್ನು `display: none` ಎಂದು ಮರೆಮಾಡುವುದು. ಇದು ದಾರಿ ತಪ್ಪಿಸುವ ಉಪಾಯ. ಹಾಗೆ ಮರೆಮಾಡಿದ `img` ಚಿತ್ರ ಪರದೆಯ ಮೇಲೆ ಕಾಣುವುದಿಲ್ಲ, ಆದರೆ ಫೋನಿಗೆ ಇಳಿದೇ ಇಳಿಯುತ್ತದೆ. ನೋಡದ ಚಿತ್ರಕ್ಕೂ ಗ್ರಾಹಕ ಡೇಟಾ ತೆತ್ತಿರುತ್ತಾನೆ, ಕಾದೂ ಇರುತ್ತಾನೆ. ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸದ ಬಗ್ಗೆ ಈಥನ್ ಮಾರ್ಕಾಟ್ 2010ರಲ್ಲಿ ಬರೆದರು. ಮೊದಲು ಫೋನಿಗೆ ವಿನ್ಯಾಸ ಮಾಡಿ ಆಮೇಲೆ ದೊಡ್ಡದಕ್ಕೆ ಬೆಳೆಸಿ ಎಂದು ಲ್ಯೂಕ್ ರೊಬ್ಲೆವ್‌ಸ್ಕಿ 2011ರಲ್ಲಿ ಒಂದು ಪುಸ್ತಕವನ್ನೇ ಬರೆದರು. ದೊಡ್ಡದರಿಂದ ಕಳೆಯುತ್ತ ಬರುವುದಕ್ಕೂ ಚಿಕ್ಕದರಿಂದ ಕೂಡಿಸುತ್ತ ಹೋಗುವುದಕ್ಕೂ ಇರುವ ವ್ಯತ್ಯಾಸ ಹೆದ್ದಾರಿಯ ಬದಿಯಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಮೆನುವನ್ನು ಪಠ್ಯವಾಗಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅಚ್ಚಿನ ಮೆನುಕಾರ್ಡಿನಲ್ಲಿ ಮೂರು ಕಾಲಂ ಇರುತ್ತವೆ. ಫೋನಿನಲ್ಲಿ ಒಂದೇ ಇರಬೇಕು, ಎಡಕ್ಕೆ ಹೆಸರು, ಬಲಕ್ಕೆ ಬೆಲೆ. 'ನಾಟಿ ಕೋಳಿ ಸಾರು ಮತ್ತು ಎರಡು ಮುದ್ದೆ' ಎಂಬ ಹೆಸರು 360ರ ಅಗಲದಲ್ಲಿ ಎರಡು ಸಾಲಿಗೆ ಹರಿಯಬಹುದು. ಆಗ ಬೆಲೆ ಕೆಳಗಿನ ಸಾಲಿಗೆ ಜಾರಿ ಮುಂದಿನ ತಿನಿಸಿನದು ಎಂಬಂತೆ ಕಂಡರೆ ಗಲ್ಲಾದ ಹತ್ತಿರ ಜಗಳಕ್ಕೆ ಕಾರಣವಾಗುತ್ತದೆ. ಇದಕ್ಕೆ ಪರಿಹಾರ ಚಿಕ್ಕದು:

```css
.item {
  display: grid;
  grid-template-columns: 1fr auto;
  gap: 12px;
  line-height: 1.6;
}
```

ಬೆಲೆಗೆ ಬೇಕಾದಷ್ಟು ಜಾಗ ಮೊದಲು, ಉಳಿದದ್ದೆಲ್ಲ ಹೆಸರಿಗೆ. ಹೆಸರು ಎಷ್ಟೇ ಉದ್ದವಾಗಿ ಮುರಿದರೂ ಬೆಲೆ ಬಲತುದಿಯಲ್ಲಿ ಮೊದಲ ಸಾಲಿನ ಎದುರಿಗೇ ನಿಲ್ಲುತ್ತದೆ. ಕೊನೆಯ ಸಾಲಿನಲ್ಲಿರುವ 1.6 ಎಂಬುದು ಸಾಲುಗಳ ನಡುವಿನ ಎತ್ತರ. ಅದು ಕನ್ನಡಕ್ಕಾಗಿ ವಿಶೇಷವಾಗಿ ಬೇಕು. ಇಂಗ್ಲಿಷಿಗೆಂದು ಸಿದ್ಧಪಡಿಸಿದ ಕೆಲವು ವಿನ್ಯಾಸಗಳಲ್ಲಿ ಇದು ಇದಕ್ಕಿಂತ ಕಡಿಮೆ ಇರುತ್ತದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. 'ಅಕ್ಕಿ ರೊಟ್ಟಿ' ಎಂಬಲ್ಲಿ ಕೆಳಗಿನ ಒತ್ತು ಮುಂದಿನ ಸಾಲಿನ ಗುಣಿತಕ್ಕೆ ತಾಗುವುದನ್ನು, ಗುಂಡಿಗಳ ಒಳಗೆ ಅರ್ಧ ಕತ್ತರಿಸಿ ಹೋಗುವುದನ್ನು ಎಷ್ಟೋ ಸೈಟುಗಳಲ್ಲಿ ನೋಡಬಹುದು.

ನೂರಿಪ್ಪತ್ತು ತಿನಿಸುಗಳನ್ನು ಉದ್ದಕ್ಕೆ ಸುರಿದರೆ ಬೆರಳು ಸೋಲುತ್ತದೆ. ತಿಂಡಿ, ಊಟ, ಕೋಳಿ, ಪಾನೀಯ ಎಂದು ಗುಂಪು ಮಾಡಿ, ತಲೆಬರಹ ಒತ್ತಿದರೆ ತೆರೆದುಕೊಳ್ಳುವಂತೆ ಮಾಡಬಹುದು. ಬ್ರೌಸರಿನಲ್ಲೇ ಇರುವ `<details>` ಎಂಬ ಗುರುತು ಈ ಕೆಲಸವನ್ನು ಸ್ಕ್ರಿಪ್ಟಿನ ಹಂಗಿಲ್ಲದೆ ಮಾಡುತ್ತದೆ. ಆದರೆ ಎಲ್ಲ ಗುಂಪುಗಳನ್ನೂ ಮುಚ್ಚಿಡಬಾರದು. ಬಂದವರಲ್ಲಿ ಹೆಚ್ಚಿನವರು ಹುಡುಕುವ ಗುಂಪು, ಇಲ್ಲಿ ಊಟ, ತೆರೆದೇ ಇರಲಿ. ಮುಚ್ಚಿದ ತಲೆಬರಹಗಳ ಪಕ್ಕದಲ್ಲಿ 'ತಿಂಡಿ, 40ರಿಂದ 90 ರೂಪಾಯಿ' ಎಂಬಂತೆ ಬೆಲೆಯ ಅಂದಾಜು ಇದ್ದರೆ ತೆರೆಯದೆಯೇ ಅರ್ಧ ಉತ್ತರ ಸಿಕ್ಕಂತೆ.

ಅಕ್ಷರದ ವಿನ್ಯಾಸದ ಬಗ್ಗೆ ಒಂದು ಮಾತು. ಸುಂದರವಾದ ಕನ್ನಡ ಫಾಂಟ್ ಹಾಕಬೇಕೆಂಬ ಆಸೆ ನನಗೂ ಇದೆ. ಆದರೆ ಗುಣಿತ, ಒತ್ತುಗಳೆಲ್ಲ ಸೇರಿ ಕನ್ನಡ ಫಾಂಟಿನ ಕಡತ ಇಂಗ್ಲಿಷಿನದಕ್ಕಿಂತ ಬಹಳ ದೊಡ್ಡದು. ಮೇಲೆ ಲೆಕ್ಕ ಹಾಕಿದ ಇಡೀ ಪುಟಕ್ಕಿಂತ ಹಲವು ಪಟ್ಟು ದೊಡ್ಡದಾಗಬಹುದು. ವಿಶೇಷ ಸೂಚನೆ ಕೊಡದಿದ್ದರೆ ಕ್ರೋಮ್ ಬ್ರೌಸರ್ ಫಾಂಟ್ ಬರಲೆಂದು ಸುಮಾರು ಮೂರು ಸೆಕೆಂಡ್ ಅಕ್ಷರಗಳನ್ನು ತೋರಿಸದೆ ಕಾಯುತ್ತದೆ. ಪಠ್ಯ ಬಂದಿರುತ್ತದೆ, ಕಾಣುವುದಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಒಳಗೇ ಇದೆ, ಓದಲು ಹಿತವಾಗಿಯೂ ಇದೆ. ಹೆದ್ದಾರಿ ಹೋಟೆಲಿಗೆ ಅದೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಚಿತ್ರಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ಮೊದಲ ಪರದೆಯ ಕೆಳಗೆ, ಎರಡು ಚಿತ್ರ ಇರಲಿ. ಒಂದು ಊಟದ ಎಲೆಯದು. ಇನ್ನೊಂದು ರಸ್ತೆಯಿಂದ ಕಾಣುವ ಹೋಟೆಲಿನ ಮುಂಭಾಗದ್ದು, ಬೋರ್ಡು ಮತ್ತು ವಾಹನ ನಿಲ್ಲಿಸುವ ಜಾಗ ಎರಡೂ ಕಾಣುವಂತೆ ಹಗಲಿನಲ್ಲಿ ತೆಗೆದದ್ದು. ತಿನಿಸಿನ ಚಿತ್ರ ಯಾವ ಹೋಟೆಲಿನದಾದರೂ ಒಂದೇ ರೀತಿ ಕಾಣುತ್ತದೆ. ಮುಂಭಾಗದ ಚಿತ್ರ ನೋಡಿದ ಚಾಲಕನಿಗೆ ವೇಗ ತಗ್ಗಿಸಬೇಕಾದ ಜಾಗ ಗೊತ್ತಾಗುತ್ತದೆ. ಆದರೂ ಹೋಟೆಲ್ ಸೈಟುಗಳಲ್ಲಿ ಅದೇ ಇರುವುದಿಲ್ಲ.

ಚಿತ್ರದ ಗಾತ್ರವನ್ನು ಎರಡು ರೀತಿಯಲ್ಲಿ ನೋಡಬೇಕು. ಒಳ್ಳೆಯ ಕ್ಯಾಮೆರಾದ ಚಿತ್ರ 4000 ಚುಕ್ಕೆ ಅಗಲ, 3000 ಎತ್ತರ ಇರುತ್ತದೆ. ಅದನ್ನು ಒತ್ತಿ ಒತ್ತಿ ಒಂದು ಎಂಬಿಗಿಂತ ಕೆಳಗೆ ಇಳಿಸಿದರೂ ತೋರಿಸುವ ಮುನ್ನ ಫೋನು ಅದನ್ನು ಬಿಡಿಸಬೇಕು. ಪೂರ್ತಿ ಬಿಡಿಸಿದರೆ ಪ್ರತಿ ಚುಕ್ಕೆಗೆ ನಾಲ್ಕು ಬೈಟಿನಂತೆ 48 ಎಂಬಿ ಮೆಮೊರಿ. ನಾಲ್ಕು ಚಿತ್ರಗಳಿಗೆ 192 ಎಂಬಿ. ಎರಡು ಮೂರು ಜಿಬಿ ಮೆಮೊರಿಯ ಫೋನಿನಲ್ಲಿ ಸಿಸ್ಟಮ್ಮು, ವಾಟ್ಸ್‌ಆಪ್, ನಕ್ಷೆ ಎಲ್ಲ ತಮ್ಮ ಪಾಲು ಹಿಡಿದುಕೊಂಡಿರುವಾಗ ಇದು ಹೊರೆ. ಪುಟ ಸರಿಸಿದರೆ ತಡವರಿಸುವುದು, ಬೇರೆ ಆಪ್‌ಗೆ ಹೋಗಿ ಬಂದರೆ ಪುಟ ಮೊದಲಿನಿಂದ ತೆರೆದುಕೊಳ್ಳುವುದು ಇದರ ಲಕ್ಷಣಗಳು. ಪರದೆ ಇರುವುದೇ 720 ಚುಕ್ಕೆ ಅಗಲ. ಆದ್ದರಿಂದ ಚಿತ್ರವನ್ನೂ 720ಕ್ಕೆ ಕತ್ತರಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ 50 ಕೆಬಿಯ ಸುತ್ತ ಬರುತ್ತದೆ, ಬಿಡಿಸಿದಾಗ ಒಂದೂವರೆ ಎಂಬಿ ಸಾಕು. ಪುಟದಲ್ಲಿ ಅದನ್ನು ಹೀಗೆ ಇಡಬೇಕು:

```html
<img src="hotel-720.webp" width="720" height="480"
     loading="lazy" alt="ರಸ್ತೆಯಿಂದ ಕಾಣುವ ಹೋಟೆಲ್">
```

`loading="lazy"` ಎಂದರೆ ಓದುವವರು ಸರಿಸುತ್ತ ಹತ್ತಿರ ಬಂದಾಗ ಮಾತ್ರ ಚಿತ್ರ ತರಿಸು ಎಂದು. ಮೊದಲ ಪರದೆಯಲ್ಲೇ ಇರುವ ಚಿತ್ರಕ್ಕೆ ಇದನ್ನು ಹಾಕಿದರೆ ಅದೂ ತಡವಾಗುತ್ತದೆ, ಎಚ್ಚರ. `width`, `height` ಎರಡನ್ನೂ ಬರೆಯುವುದಕ್ಕೆ ಬೇರೆ ಕಾರಣವಿದೆ. ಚಿತ್ರದ ಅಳತೆ ಮೊದಲೇ ಗೊತ್ತಿದ್ದರೆ ಬ್ರೌಸರ್ ಅಷ್ಟು ಜಾಗ ಬಿಟ್ಟು ಕೆಳಗಿನದನ್ನು ಜೋಡಿಸುತ್ತದೆ. ಗೊತ್ತಿಲ್ಲದಿದ್ದರೆ ಜಾಗವನ್ನೇ ಬಿಡದೆ ಜೋಡಿಸಿ, ಚಿತ್ರ ಬಂದಾಗ ಎಲ್ಲವನ್ನೂ ಕೆಳಗೆ ತಳ್ಳುತ್ತದೆ. ವೇಗದ ನೆಟ್‌ವರ್ಕಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ನಿಧಾನದ ನೆಟ್‌ವರ್ಕಿನಲ್ಲಿ ಓದುತ್ತಿದ್ದ ಬೆಲೆ ಕಣ್ಣೆದುರೇ ಮಾಯವಾಗುತ್ತದೆ, 'ಕರೆ ಮಾಡಿ' ಎಂದು ಒತ್ತಲು ಹೋದ ಬೆರಳು ಬೇರಾವುದನ್ನೋ ಒತ್ತುತ್ತದೆ. ಇನ್ನೂ ಒಂದು ಸಾಲು ಜೊತೆಗಿರಬೇಕು: ಚಿತ್ರಗಳಿಗೆ `max-width: 100%; height: auto`. ಅದಿಲ್ಲದೆ 720ರ ಚಿತ್ರ 360ರ ಪರದೆಯನ್ನು ಮೀರಿ, ಪುಟ ಅಡ್ಡಡ್ಡ ಜಾರಲು ಶುರುವಾಗುತ್ತದೆ.

ಹೊರಗಿನಿಂದ ತಂದು ಅಂಟಿಸುವ ವಸ್ತುಗಳ ವಿಷಯ ಇನ್ನೂ ಗಂಭೀರ. ನಕ್ಷೆ, ಇನ್‌ಸ್ಟಾಗ್ರಾಮ್ ಚಿತ್ರಗಳ ಪಟ್ಟಿ, ಮೂಲೆಯಲ್ಲಿ ಪುಟಿಯುವ ಚಾಟ್ ಗುಳ್ಳೆ, ಫಾಂಟ್: ಇವು ಒಂದೊಂದೂ ಬೇರೆ ಬೇರೆ ಸರ್ವರಿನಿಂದ ಬರುತ್ತವೆ. ಪ್ರತಿಯೊಂದಕ್ಕೂ ವಿಳಾಸ ಪತ್ತೆ, ಸಂಪರ್ಕ, ಭದ್ರತೆ ಎಂಬ ಸುತ್ತುಗಳು ಮೊದಲಿನಿಂದ ಆಗಬೇಕು. ಬಂದ ಮೇಲೆ ಅವುಗಳ ಸ್ಕ್ರಿಪ್ಟನ್ನು ಫೋನಿನ ಪ್ರೊಸೆಸರ್ ಓದಿ ನಡೆಸಬೇಕು, ಅಗ್ಗದ ಫೋನಿನಲ್ಲಿ ಇದಕ್ಕೆ ಕಂಪ್ಯೂಟರಿನ ಹಲವು ಪಟ್ಟು ಹೊತ್ತು. ಹುದುಗಿಸಿದ ನಕ್ಷೆ ಇವುಗಳಲ್ಲೆಲ್ಲ ಭಾರ, ಪ್ರಯೋಜನವೂ ಕಡಿಮೆ. ಪುಟದೊಳಗಿನ ಪುಟ್ಟ ನಕ್ಷೆ ನೋಡಿ ಯಾರೂ ಗಾಡಿ ಓಡಿಸುವುದಿಲ್ಲ; ಹೇಗೂ ಅದನ್ನೊತ್ತಿ ನಕ್ಷೆಯ ಆಪ್‌ಗೆ ಹೋಗುತ್ತಾರೆ. ಆ ಆಪ್ ಫೋನಿನಲ್ಲೇ ಇದೆ. 'ದಾರಿ ತೋರಿಸು' ಎಂಬ ಒಂದು ಕೊಂಡಿ ಕೊಟ್ಟರೆ ಅದೇ ಕೆಲಸ ನೂರು ಬೈಟಿನಲ್ಲಿ ಆಗುತ್ತದೆ.

ಆ ಕೊಂಡಿ ಎಲ್ಲಿರಬೇಕು? ಪರದೆಯ ಕೆಳ ಅಂಚಿನಲ್ಲಿ, ಪುಟ ಸರಿಸಿದರೂ ಕದಲದಂತೆ. ಒಂದೇ ಕೈಯಲ್ಲಿ ಫೋನ್ ಹಿಡಿದವರ ಹೆಬ್ಬೆರಳು ಸಲೀಸಾಗಿ ತಲುಪುವುದು ಅಲ್ಲಿಗೇ, ಇನ್ನೊಂದು ಕೈ ಬಸ್ಸಿನ ಸರಳು ಹಿಡಿದಿರಬಹುದು. ಅಲ್ಲಿ ಎರಡೇ ಗುಂಡಿ ಸಾಕು, 'ಕರೆ ಮಾಡಿ' ಮತ್ತು 'ದಾರಿ ತೋರಿಸು'. ಕರೆಯ ಗುಂಡಿ `tel:` ಎಂದು ಶುರುವಾಗುವ ಕೊಂಡಿಯಾಗಿದ್ದರೆ ಒತ್ತಿದ ಕೂಡಲೇ ಸಂಖ್ಯೆ ತಾನಾಗಿ ಡಯಲ್ ಪರದೆಗೆ ಬರುತ್ತದೆ. ಡೇಟಾ ಸತ್ತಿದ್ದರೂ ಕರೆಗೆ ಸಾಕಾಗುವಷ್ಟು ಸಿಗ್ನಲ್ ಎಷ್ಟೋ ಸಲ ಉಳಿದಿರುತ್ತದೆ, ಹಾಗಾಗಿ ಘಾಟಿಯ ಬಾಯಲ್ಲಿ ಈ ಗುಂಡಿಯೇ ಎಲ್ಲಕ್ಕಿಂತ ನಂಬಿಕೆಯದು. ಗುಂಡಿಯ ಎತ್ತರ 48ಕ್ಕಿಂತ ಕಡಿಮೆ ಬೇಡ ಎನ್ನುತ್ತದೆ ಆಂಡ್ರಾಯ್ಡ್‌ನ ಸ್ವಂತ ಮಾರ್ಗಸೂಚಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಆ ಪಟ್ಟಿ ಮೆನುವಿನ ಕೊನೆಯ ಸಾಲನ್ನು ಮುಚ್ಚಿಬಿಡುವುದು. ಪುಟದ ಕೆಳಗೆ ಪಟ್ಟಿಯಷ್ಟೇ ಎತ್ತರದ ಖಾಲಿ ಜಾಗ ಬಿಟ್ಟರೆ ಸರಿಹೋಗುತ್ತದೆ. ತಿಳಿ ಬೂದು ಬಣ್ಣದ ಅಕ್ಷರಗಳೂ ಬೇಡ. ಅಗ್ಗದ ಪರದೆಯ ಬೆಳಕು ಮಧ್ಯಾಹ್ನದ ಬಿಸಿಲಿನ ಮುಂದೆ ಮಂಕಾಗುತ್ತದೆ, ಬಿಳಿಯ ಮೇಲೆ ಕಪ್ಪು ಮಾತ್ರ ಉಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ನಮ್ಮ ಹೋಟೆಲಿನ ಪುಟ ಎರಡು ಚಿತ್ರ ಸೇರಿ 115 ಕೆಬಿ ಆಸುಪಾಸು. ಅದೇ ನಿಧಾನದ 4ಜಿಯಲ್ಲಿ ನಾಲ್ಕು ಸುತ್ತಿಗೆ 600 ಮಿಲಿಸೆಕೆಂಡ್. ಅದಾಗಿ ಪುಟ ಬಿಡಿಸಿ ತೋರಿಸಲು ಸ್ವಲ್ಪ ಹೊತ್ತು. ಒಂದು ಸೆಕೆಂಡಿನ ಸುಮಾರಿಗೆ ಊಟದ ಬೆಲೆ ಕಣ್ಣೆದುರಿಗೆ ಬಂದಿರುತ್ತದೆ. ಚಿತ್ರಗಳು ಆಮೇಲೆ ತಮ್ಮ ಪಾಡಿಗೆ ಬರಲಿ. ಸಿಗ್ನಲ್ ನಡುವೆ ಕಡಿದುಹೋಗಿ ಅವು ಬಾರದಿದ್ದರೂ ಕೆಲಸ ಕೆಡುವುದಿಲ್ಲ, ಈ ಕ್ರಮದ ಮುಖ್ಯ ಲಾಭವೇ ಅದು.

ಹೀಗಾಗಿದೆಯೇ ಎಂದು ಪರೀಕ್ಷಿಸುವಾಗ ಸ್ವಂತ ಫೋನನ್ನು ನಂಬಬಾರದು. ಒಮ್ಮೆ ತೆರೆದ ಪುಟದ ಚಿತ್ರಗಳನ್ನು ಫೋನು ಉಳಿಸಿಕೊಂಡಿರುತ್ತದೆ, ಎರಡನೆಯ ಸಲ ಎಲ್ಲವೂ ಬೇಗ ಬರುತ್ತದೆ. ಹೊಸ ಗ್ರಾಹಕನ ಅನುಭವ ಬೇಕಾದರೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಬೇಕು, ವೈಫೈ ಆರಿಸಿರಬೇಕು. ಅಡುಗೆಮನೆಯಲ್ಲಿ ಕೆಲಸ ಮಾಡುವವರ ಫೋನ್ ಕೇಳಿ ಪಡೆದು ನೋಡಿದರೆ ಇನ್ನೂ ಒಳ್ಳೆಯದು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಲೈಟ್‌ಹೌಸ್ ನಡೆಸಿದರೆ ಪುಟದ ಮುಖ್ಯ ಭಾಗ ಎಷ್ಟು ಹೊತ್ತಿಗೆ ಕಂಡಿತು, ಪುಟ ಎಷ್ಟು ಕುಲುಕಿತು ಎರಡನ್ನೂ ಅಳೆದು ಹೇಳುತ್ತದೆ. ಮೊದಲನೆಯದು 2.5 ಸೆಕೆಂಡಿನೊಳಗೆ ಇರಬೇಕು ಎಂಬುದು ಗೂಗಲ್ ಇಟ್ಟುಕೊಂಡಿರುವ ಗುರುತು, ಅದೂ ನಾಲ್ಕರಲ್ಲಿ ಮೂರು ಭೇಟಿಗಳಿಗೆ. ಸಾಧನ ಕೊಡುವ ನೂರಕ್ಕೆ ಇಷ್ಟು ಅಂಕ ಎಂಬುದಕ್ಕಿಂತ ಈ ಸೆಕೆಂಡುಗಳನ್ನು ನೋಡಿ. ನಿಜವಾದ ಫೋನಿನಲ್ಲಿ ಸೆಕೆಂಡುಗಳನ್ನು ಎಣಿಸುತ್ತ ಕೂತರೂ ಸರಿ: ಪುಟ ಒತ್ತಿದ ಕ್ಷಣದಿಂದ ಊಟದ ಬೆಲೆ ಓದಲು ಆಗುವವರೆಗೆ.

ಈ ಕ್ರಮ ಎಲ್ಲ ಹೋಟೆಲಿಗೂ ಒಂದೇ ರೀತಿ ಸಲ್ಲುವುದಿಲ್ಲ. ನಾಲ್ಕು ದಿನ ಮೊದಲೇ ಮೇಜು ಕಾದಿರಿಸಿ ಹೋಗುವ ನಗರದ ದುಬಾರಿ ರೆಸ್ಟೋರೆಂಟಿನಲ್ಲಿ ಒಳಾಂಗಣದ ಚಿತ್ರವೂ ಒಂದು ಉತ್ತರವೇ, ಅಲ್ಲಿ ಅದಕ್ಕೆ ಮೇಲೆ ಜಾಗ ಕೊಡುವುದು ಸರಿ. ಎಳೆದು ಇಟ್ಟು ಸೈಟು ಕಟ್ಟುವ ತಯಾರಿ ಸೇವೆಗಳನ್ನು ಬಳಸುವವರಿಗೆ ಸ್ಕ್ರಿಪ್ಟುಗಳ ಹೊರೆ ತಗ್ಗಿಸುವುದು ಕೈಯಲ್ಲಿರುವುದಿಲ್ಲ. ಅವರು ಕೂಡ ಸರಿಯುವ ಚಿತ್ರಗಳನ್ನು ತೆಗೆದು, ಚಿತ್ರಗಳನ್ನು ಮೊದಲೇ ಕತ್ತರಿಸಿ, ಮೆನುವನ್ನು ಪಠ್ಯವಾಗಿ ಬೆರಳಚ್ಚು ಮಾಡಬಹುದು. ಸಿಗ್ನಲ್ ಪೂರ್ತಿ ಇಲ್ಲದ ಕಡೆ ಯಾವ ವಿನ್ಯಾಸವೂ ಕೆಲಸ ಮಾಡುವುದಿಲ್ಲ.

ಕಂಪ್ಯೂಟರಿನಲ್ಲಿ ನೋಡುವವರನ್ನೂ ಮರೆಯಬೇಕಾಗಿಲ್ಲ. ಪರದೆಯ ಅಗಲ 700 ದಾಟಿದರೆ ಮೆನುವನ್ನು ಎರಡು ಕಾಲಂ ಮಾಡು, ಚಿತ್ರವನ್ನು ಪಕ್ಕಕ್ಕೆ ತಾ ಎಂದು ನಾಲ್ಕು ಸಾಲು ಸೇರಿಸಿದರೆ ಅದೇ ಪುಟ ದೊಡ್ಡದಕ್ಕೂ ಹೊಂದುತ್ತದೆ. ಕೆಳಗಿನ ಗುಂಡಿಗಳ ಪಟ್ಟಿ ಅಲ್ಲಿ ಬೇಡ, ಫೋನ್ ಸಂಖ್ಯೆಯನ್ನೇ ದೊಡ್ಡದಾಗಿ ಬರೆದರಾಯಿತು. ಇನ್ನು ಬೆಲೆ ಬದಲಾದಾಗಿನ ಕಥೆ. ಪಿಡಿಎಫ್ ಇದ್ದಾಗ ಅದನ್ನು ಮಾಡಿಕೊಟ್ಟ ಪ್ರೆಸ್ಸಿನವರನ್ನು ಹುಡುಕಬೇಕಿತ್ತು, ಹಾಗಾಗಿ ಹಳೆಯ ಬೆಲೆಯೇ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಪಠ್ಯದ ಮೆನುವಿನಲ್ಲಿ ಕಾಫಿಯ ಎದುರಿನ 20 ಅಳಿಸಿ 25 ಎಂದು ಬರೆಯುವುದು ಗಲ್ಲಾದಲ್ಲಿ ಕೂತವರೇ ಮಾಡಿ ಮುಗಿಸಬಹುದಾದ ಕೆಲಸ.